ವಿಮಾನ ತಡವಾದರೆ ಯಾವ ಸಮಯ ಹೇಳಬೇಕು?

ಓದುಗರ ಪತ್ರ: ಹುಬ್ಬಳ್ಳಿಯಲ್ಲಿ ನನ್ನದು ಪ್ಯಾಕಿಂಗ್ ಯಂತ್ರ ತಯಾರಿಸುವ ಸಣ್ಣ ಘಟಕ. ಜನವರಿಯ ಒಂದು ಮಂಗಳವಾರ ದೆಹಲಿಯಿಂದ ಬೆಂಗಳೂರಿಗೆ ಬೆಳಿಗ್ಗೆ 7.10ರ ವಿಮಾನವಿತ್ತು, 9.55ಕ್ಕೆ ತಲುಪಬೇಕಿತ್ತು. ಪೀಣ್ಯದಲ್ಲಿ ಒಬ್ಬ ಕಾರ್ಖಾನೆ ಮಾಲೀಕರ ಜೊತೆ 12 ಗಂಟೆಗೆ ಆರ್ಡರ್ ಮಾತುಕತೆ. ಮಂಜಿನಿಂದ ವಿಮಾನ 8.10ಕ್ಕೆ ಎಂದು 6.30ಕ್ಕೆ ಮೆಸೇಜ್ ಬಂತು. ಮಾಲೀಕರಿಗೆ "1 ಗಂಟೆಗೆ ಬರುತ್ತೇನೆ" ಎಂದು ತಿಳಿಸಿದೆ. ಕೌಂಟರಿನಲ್ಲಿ ವಿಚಾರಿಸಿದರೆ, ಲಖನೌದಿಂದ ಬರಬೇಕಾದ ವಿಮಾನ ಇನ್ನೂ ಹೊರಟಿಲ್ಲ ಎಂದರು. 8 ಗಂಟೆಗೆ ಸಮಯ 9.15 ಆಯಿತು, ನಾನು "2 ಗಂಟೆ" ಎಂದೆ. ಕೊನೆಗೆ ಹೊರಟಿದ್ದು 10.20ಕ್ಕೆ. ಪೀಣ್ಯ ತಲುಪಿದಾಗ 3.15. ಅವರು ಸಿಗಲಿಲ್ಲ, ಆರ್ಡರ್ ಇನ್ನೂ ತೂಗಾಡುತ್ತಿದೆ. ವಿಮಾನ ಯಾವಾಗ ಹೊರಡುತ್ತದೆಂದು ನನಗೇ ಗೊತ್ತಿಲ್ಲದಿರುವಾಗ ಅವರಿಗೆ ಯಾವ ಸಮಯ ಹೇಳಬೇಕಿತ್ತು? ಹೇಗೆ ಹೇಳಬೇಕಿತ್ತು?
— ಒಬ್ಬ ಓದುಗ, ಹುಬ್ಬಳ್ಳಿ

ಸಂಪಾದಕರ ಉತ್ತರ: ಕೌಂಟರಿನವರು ನಿಮಗೆ ಹೇಳಿದ ಲಖನೌದ ಮಾತೇ ಆ ದಿನದ ಅತ್ಯಂತ ಮುಖ್ಯ ಮಾಹಿತಿ. ವಿಮಾನಯಾನ ಕಂಪನಿಯ ಮೆಸೇಜಿಗಿಂತ ಅದಕ್ಕೆ ಹೆಚ್ಚು ಬೆಲೆ ಕೊಡಬೇಕಿತ್ತು. ಏಕೆಂದು ನಿಮ್ಮದೇ ಅಂಕಿಗಳನ್ನು ಹಿಡಿದು ಹೇಳುತ್ತೇನೆ.

ಲಖನೌದಿಂದ ದೆಹಲಿಗೆ, ಗೇಟಿನಿಂದ ಗೇಟಿಗೆ, ಸುಮಾರು ಒಂದೂಕಾಲು ಗಂಟೆ. ಬಂದು ನಿಂತ ವಿಮಾನದಿಂದ ಜನ ಇಳಿಯಬೇಕು, ಸ್ವಚ್ಛ ಮಾಡಬೇಕು, ಇಂಧನ ತುಂಬಬೇಕು, ನಿಮ್ಮನ್ನು ಹತ್ತಿಸಬೇಕು. ಇದೆಲ್ಲ ಎಷ್ಟೇ ಚುರುಕಾಗಿ ನಡೆದರೂ ಸುಮಾರು 40 ನಿಮಿಷ ಬೇಕು. 6.45ರ ಹೊತ್ತಿಗೆ ಅದು ಲಖನೌದಲ್ಲೇ ಇತ್ತು ಎಂದಿಟ್ಟುಕೊಳ್ಳಿ. ಆ ಕ್ಷಣವೇ ಹೊರಟಿದ್ದರೂ ದೆಹಲಿಗೆ 8ಕ್ಕೆ ಬರುತ್ತಿತ್ತು, ನಿಮ್ಮನ್ನು ಹೊತ್ತು 8.40ಕ್ಕೆ ಮೊದಲು ಹೊರಡಲು ಸಾಧ್ಯವೇ ಇರಲಿಲ್ಲ. ಹಾಗಿದ್ದರೂ ಬೋರ್ಡಿನಲ್ಲಿ 8.10 ಎಂದೇ ಇತ್ತು.

ಇದನ್ನು ಮೋಸ ಎನ್ನಲಾಗದು. ಹೊರಡುವ ಸಮಯವನ್ನು 10.30 ಎಂದು ದೂರಕ್ಕೆ ತಳ್ಳಿಬಿಟ್ಟರೆ ಪ್ರಯಾಣಿಕರು ಗೇಟು ಬಿಟ್ಟು ಚದುರುತ್ತಾರೆ. ಮಂಜು ಬೇಗ ತೆರವಾಗಿ ವಿಮಾನ ಬಂದು ನಿಂತರೆ ಅವರನ್ನು ಹುಡುಕುತ್ತ ಕೂರಬೇಕಾಗುತ್ತದೆ. ಅದಕ್ಕೇ ಸಮಯವನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸುತ್ತಾರೆ. ಬೋರ್ಡಿನ ಸಮಯ ನೀವು ಗೇಟಿನ ಬಳಿ ಇರಬೇಕಾದ ಸಮಯ. ಅದರ ಮೇಲೆ ಇನ್ನೊಬ್ಬರಿಗೆ ಮಾತು ಕೊಡುವಂತಿಲ್ಲ.

ಕೌಂಟರಿನಲ್ಲಿ ಕೇಳುವುದಾದರೆ "ಯಾವಾಗ ಹೊರಡುತ್ತೆ?" ಎಂದು ಕೇಳಬೇಡಿ. "ನಮ್ಮ ವಿಮಾನ ಎಲ್ಲಿಂದ ಬರಬೇಕು, ಅಲ್ಲಿಂದ ಹೊರಟಿದೆಯಾ?" ಎಂದು ಕೇಳಿ. ಮೊದಲ ಪ್ರಶ್ನೆಗೆ ಬೋರ್ಡಿನಲ್ಲಿರುವುದನ್ನೇ ಓದಿ ಹೇಳುತ್ತಾರೆ. ಎರಡನೆಯದಕ್ಕೆ ನಿಜ ಸಂಗತಿ ಸಿಗುತ್ತದೆ. Flightradar24 ರೀತಿಯ ಆ್ಯಪ್‌ನಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿದರೆ, ಆ ಹಾರಾಟಕ್ಕೆ ಗೊತ್ತುಪಡಿಸಿದ ವಿಮಾನದ VT- ಎಂದು ಶುರುವಾಗುವ ನೋಂದಣಿ ಸಂಖ್ಯೆ ಬಹಳ ಸಲ ಸಿಗುತ್ತದೆ. ಅದನ್ನು ಒತ್ತಿದರೆ ಆ ವಿಮಾನ ಈಗ ಯಾವ ಊರಿನಲ್ಲಿದೆ, ನೆಲದಲ್ಲಿದೆಯೋ ಗಾಳಿಯಲ್ಲಿದೆಯೋ ಎಂದು ಕಾಣುತ್ತದೆ. ಕೊನೆ ಗಳಿಗೆಯಲ್ಲಿ ಕಂಪನಿ ಬೇರೆ ವಿಮಾನ ಹಾಕುವುದೂ ಉಂಟು. ಹಾಗಾಗಿ ಒಮ್ಮೆ ನೋಡಿ ಸುಮ್ಮನಾಗದೆ ಮತ್ತೆ ನೋಡುತ್ತಿರಬೇಕು.

ಇನ್ನು ಈ ಕಡೆಯ ಲೆಕ್ಕ. ಟಿಕೆಟ್ಟಿನಲ್ಲಿ ತಲುಪುವ ಸಮಯ ಎಂದಿರುವುದು ವಿಮಾನ ಗೇಟಿಗೆ ಬಂದು ನಿಲ್ಲುವ ಸಮಯ. ಅಲ್ಲಿಂದ ಇಳಿದು, ನಡೆದು, ಬ್ಯಾಗು ಬಂದು, ಕಾರಿನಲ್ಲಿ ಕೂರುವಷ್ಟರಲ್ಲಿ 35 ನಿಮಿಷ ಹಿಡಿಯಿರಿ. ದೇವನಹಳ್ಳಿಯಿಂದ ಹೆಬ್ಬಾಳ, ಹೊರ ವರ್ತುಲ ರಸ್ತೆ, ಗೊರಗುಂಟೆಪಾಳ್ಯ ದಾಟಿ ಪೀಣ್ಯಕ್ಕೆ ವಾರದ ದಿನ ಒಂದೂವರೆ ಗಂಟೆ. ಹೆಬ್ಬಾಳದಲ್ಲೋ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲೋ ಸಿಕ್ಕಿಹಾಕಿಕೊಂಡರೆ ಅದೂ ಸಾಲದು. 9.55ಕ್ಕೆ 35 ನಿಮಿಷ ಸೇರಿಸಿದರೆ 10.30, ಅದಕ್ಕೆ ಒಂದೂವರೆ ಗಂಟೆ ಸೇರಿಸಿದರೆ ಸರಿಯಾಗಿ 12. ಅಂದರೆ ಎಲ್ಲವೂ ವೇಳೆಗೆ ಸರಿಯಾಗಿ ನಡೆದಿದ್ದರೂ ನಿಮ್ಮ ಕೈಯಲ್ಲಿ ಒಂದು ನಿಮಿಷದ ಬಿಡುವೂ ಇರಲಿಲ್ಲ. ಒಂದು ಗಂಟೆ ತಡ ಎಂದಾಗ ಒಂದು ಗಂಟೆ ಕೂಡಿಸಿ 1 ಎಂದಿರಿ, ಬಿಡುವಿಲ್ಲದ ಆ ಲೆಕ್ಕವೇ ಮುಂದುವರಿಯಿತು. 8.40ಕ್ಕೆ ಹೊರಟಿದ್ದರೆ 11.25ಕ್ಕೆ ಬೆಂಗಳೂರು, 12ಕ್ಕೆ ಕಾರು, 1.30ಕ್ಕೆ ಪೀಣ್ಯ. ಅದೃಷ್ಟ ಪೂರ್ತಿ ನಿಮ್ಮ ಕಡೆಗಿದ್ದರೂ 1 ಗಂಟೆಗೆ ನೀವು ಅಲ್ಲಿರಲು ಆಗುತ್ತಿರಲಿಲ್ಲ.

ಆ ದಿನ ಅದೃಷ್ಟವೂ ನಿಮ್ಮ ಕಡೆಗಿರಲಿಲ್ಲ. ಜನವರಿಯಲ್ಲಿ ಉತ್ತರದ ಬಯಲಿನ ಮಂಜು ಸಾಮಾನ್ಯವಾಗಿ ಬಿಸಿಲೇರಿದ ಮೇಲೆಯೇ ತೆಳುವಾಗುವುದು. ದೆಹಲಿಯಲ್ಲಿ ದಟ್ಟ ಮಂಜಿನಲ್ಲೂ ಇಳಿಯಲು ಕ್ಯಾಟ್-3 ಎಂಬ ವ್ಯವಸ್ಥೆ ಇದೆ ನಿಜ. ಆದರೆ ಅದಕ್ಕೆ ವಿಮಾನದಲ್ಲಿ ತಕ್ಕ ಉಪಕರಣ ಬೇಕು, ಪೈಲಟ್ಟರಿಗೆ ತಕ್ಕ ತರಬೇತಿ ಆಗಿರಬೇಕು. ಇವೆರಡೂ ಇದ್ದರೂ ಒಂದು ವಿಮಾನಕ್ಕೂ ಮತ್ತೊಂದಕ್ಕೂ ನಡುವೆ ಹೆಚ್ಚು ಅಂತರ ಬಿಡುವುದರಿಂದ ಗಂಟೆಗೆ ಇಳಿದು ಏರುವ ವಿಮಾನಗಳ ಸಂಖ್ಯೆ ಇಳಿಯುತ್ತದೆ. ಮಂಜು ತೆರವಾದ ಕೂಡಲೇ ಎಲ್ಲವೂ ಒಟ್ಟಿಗೆ ಹೊರಡಲಾಗದು, ಸರತಿಯಲ್ಲಿ ಕಾಯಬೇಕು. ಹಾಗಾಗಿ 6.45ಕ್ಕೆ ವಿಮಾನ ಮಂಜಿನ ಊರಿನಲ್ಲೇ ಸಿಕ್ಕಿಕೊಂಡಿದೆ ಎಂದರೆ, ನಾನಾಗಿದ್ದರೆ 8.40ರ ಮೇಲೆ ಇನ್ನೂ ಎರಡು ಗಂಟೆ ಹಿಡಿಯುತ್ತಿದ್ದೆ. ಆಗ ಪೀಣ್ಯ ತಲುಪುವುದು 3.30.

ಹಾಗಾದರೆ ಅವರಿಗೆ 3.30 ಎನ್ನಬೇಕಿತ್ತೆ? ಅಲ್ಲ. ರಸ್ತೆಗೆಂದು ಮತ್ತೆ ಅರ್ಧ ಗಂಟೆ ಬಿಟ್ಟರೆ 4 ಆಗುತ್ತದೆ. ಅಂದು ಮಂಗಳವಾರ, 3ರಿಂದ 4.30 ರಾಹುಕಾಲ. ನಿಮಗೆ ಅದರಲ್ಲಿ ನಂಬಿಕೆ ಇರಲಿ ಬಿಡಲಿ, ಆರ್ಡರಿಗೆ ಸಹಿ ಹಾಕಿ ಅಡ್ವಾನ್ಸ್ ಕೊಡಬೇಕಾದವರು ಅವರು. ರಾಹುಕಾಲ ನೋಡುವ ಮಾಲೀಕರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದನ್ನು ಬಾಯಿಬಿಟ್ಟು ಹೇಳದೆ "ಇವತ್ತು ಬೇಡ, ನೋಡೋಣ" ಎನ್ನುವವರೇ ಹೆಚ್ಚು. 4.30 ಎಂದರೆ ಈ ತೊಡಕು ತಪ್ಪುತ್ತದೆ, ನಿಮಗೂ ಒಟ್ಟು ಒಂದು ಗಂಟೆಯ ಬಿಡುವು ಸಿಗುತ್ತದೆ. ಜನರಲ್ ಶಿಫ್ಟ್ 5.30ರ ಹೊತ್ತಿಗೆ ಮುಗಿಯುವ ಕಾರ್ಖಾನೆಯಾದರೆ 4.30ರ ನಂತರಕ್ಕೆ ಹೋಗುವುದೂ ಕಷ್ಟ, ಎಲ್ಲರ ಕಣ್ಣು ಗಡಿಯಾರದ ಮೇಲಿರುತ್ತದೆ. ಆದ್ದರಿಂದ ಮಾತುಕತೆಯನ್ನು 45 ನಿಮಿಷಕ್ಕೆ ಇಳಿಸಬೇಕು. ದರ ಮತ್ತು ಯಂತ್ರ ಕೊಡುವ ದಿನಾಂಕ, ಇವೆರಡನ್ನು ಎದುರುಬದುರು ಕೂತು ಮುಗಿಸಿ. ಡ್ರಾಯಿಂಗಿನ ವಿವರಗಳನ್ನು ಅವರ ಎಂಜಿನಿಯರ್ ಜೊತೆ ಮರುದಿನ ಫೋನಿನಲ್ಲಿ ಮಾತಾಡಬಹುದು.

ಆ ಬೆಳಿಗ್ಗೆ 6.45ಕ್ಕೆ ನೀವು ಕಳಿಸಬಹುದಾಗಿದ್ದ ಮೆಸೇಜು ಹೀಗಿರಬಹುದಿತ್ತು:

"ಸರ್, ನಮಸ್ಕಾರ. ದೆಹಲಿಯಲ್ಲಿದ್ದೇನೆ, ಮಂಜಿನಿಂದ ವಿಮಾನ ತಡವಾಗಿದೆ. 12ಕ್ಕೆ ಬರಲು ಆಗುತ್ತಿಲ್ಲ, ದಯವಿಟ್ಟು ಕ್ಷಮಿಸಿ. ಇವತ್ತು ಸಂಜೆ 4.30ಕ್ಕೆ ನಿಮ್ಮಲ್ಲಿಗೆ ಬರುತ್ತೇನೆ, 45 ನಿಮಿಷ ಸಾಕು. ಅದು ನಿಮಗೆ ಅನುಕೂಲವಾಗದಿದ್ದರೆ ನಾಳೆ ಬೆಳಿಗ್ಗೆ 10.30ಕ್ಕೆ ಬರುತ್ತೇನೆ, ರಾತ್ರಿ ಬೆಂಗಳೂರಿನಲ್ಲೇ ಇರುತ್ತೇನೆ. 12ಕ್ಕೆಂದು ಬೇರೆ ಯಾರನ್ನಾದರೂ ಕರೆಸಿದ್ದರೆ ಅವರಿಗೂ ಈಗಲೇ ತಿಳಿಸಿಬಿಡಿ. 11 ಗಂಟೆಯೊಳಗೆ ಇನ್ನೊಮ್ಮೆ ಮೆಸೇಜ್ ಮಾಡುತ್ತೇನೆ."

ಬೆಳಿಗ್ಗೆ ಏಳರೊಳಗೆ ಫೋನ್ ಮಾಡುವುದು ಬೇಡ, ಮೆಸೇಜು ಸಾಕು. ಎಂಟೂವರೆ ಒಂಬತ್ತರ ಹೊತ್ತಿಗೆ ಒಂದು ಕರೆ ಮಾಡಿ ಬಾಯಲ್ಲೂ ಹೇಳಿ. ವಯಸ್ಸಾದ ಮಾಲೀಕರಿಗೆ ಬರೀ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿ ಸುಮ್ಮನಾದರೆ ಅದು ಅವರಿಗೆ ಕೊಟ್ಟ ಮರ್ಯಾದೆ ಅನಿಸುವುದಿಲ್ಲ. ನಾಳೆ 10.30 ಎಂದು ಬರೆಯುವ ಮುಂಚೆ ಹುಬ್ಬಳ್ಳಿಯ ರಾತ್ರಿ ರೈಲಿನ ಟಿಕೆಟ್ ರದ್ದು ಮಾಡಲು, ಒಂದು ರೂಮು ಹಿಡಿಯಲು ನೀವು ನಿಜಕ್ಕೂ ಸಿದ್ಧರಿದ್ದೀರಾ ಎಂದು ನೋಡಿಕೊಳ್ಳಿ. ಸಿದ್ಧರಿಲ್ಲದಿದ್ದರೆ ಆ ಸಾಲು ಬರೆಯಬೇಡಿ. ವಿಮಾನ ನಿಲ್ದಾಣದಲ್ಲೇ ಕೂತು ವಿಡಿಯೋ ಕಾಲ್ ಮಾಡಬಹುದಿತ್ತಲ್ಲ ಎಂದು ಕೆಲವರು ಹೇಳಬಹುದು. ಅನೌನ್ಸ್‌ಮೆಂಟ್‌ಗಳ ನಡುವೆ, ಯಾವ ಕ್ಷಣದಲ್ಲಾದರೂ ಬೋರ್ಡಿಂಗ್ ಕರೆಯುವ ಗಡಿಬಿಡಿಯಲ್ಲಿ, ದರದ ಮಾತು ಆಡಬಾರದೆಂದೇ ನನ್ನ ಅಭಿಪ್ರಾಯ.

ಮೆಸೇಜಿನಲ್ಲಿ 11 ಗಂಟೆ ಎಂದು ಬರೆದಿದ್ದಕ್ಕೆ ಕಾರಣವಿದೆ. 4.30ರ ಮಾತು ಉಳಿಯಬೇಕಾದರೆ 4.15ಕ್ಕೆ ಕಾರ್ಖಾನೆಯ ಗೇಟಿನ ಹತ್ತಿರ ಇರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ: 2.45ಕ್ಕೆ ಕಾರು ಹತ್ತಬೇಕು, 2.10ಕ್ಕೆ ವಿಮಾನ ಬೆಂಗಳೂರಿನ ಗೇಟಿಗೆ ಬಂದಿರಬೇಕು, ಅಂದರೆ 11.25ಕ್ಕೆ ದೆಹಲಿ ಬಿಟ್ಟಿರಬೇಕು. ಅದು ನಿಮ್ಮ ಗಡಿ. 11ರ ಹೊತ್ತಿಗೆ ಬೋರ್ಡಿಂಗ್ ಮುಗಿಯುತ್ತಾ ಬಂದಿಲ್ಲದಿದ್ದರೆ, ಅವರ ಉತ್ತರಕ್ಕೆ ಕಾಯದೆ ನೀವಾಗಿಯೇ "ಇವತ್ತು ಬೇಡ ಸರ್, ನಾಳೆ 10.30ಕ್ಕೇ ಬರುತ್ತೇನೆ" ಎಂದು ಬರೆದುಬಿಡಬೇಕು. ತಡ ಬಹಳ ಬೆಳೆದರೆ ಪೈಲಟ್ ಮತ್ತು ಸಿಬ್ಬಂದಿಯ ಕರ್ತವ್ಯದ ಅವಧಿ ಮುಗಿದು ಬೇರೆ ತಂಡ ಬರಬೇಕಾಗುತ್ತದೆ, ಆಮೇಲೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಬಾಗಿಲು ಹಾಕಿದ ಮೇಲೂ ಮಂಜಿನ ದಿನ ರನ್‌ವೇ ಸರತಿಯಲ್ಲಿ ಅರ್ಧ ಗಂಟೆ ನಿಲ್ಲಬೇಕಾಗಬಹುದು. ಒಮ್ಮೆ ಹಾರಿದ ಮೇಲೆ ಎರಡೂವರೆ ಗಂಟೆ ನೀವು ಯಾರ ಕೈಗೂ ಸಿಗುವುದಿಲ್ಲ. ಕೊನೆಯ ಮಾತನ್ನು ಫೋನ್ ಫ್ಲೈಟ್ ಮೋಡ್‌ಗೆ ಹಾಕುವ ಮುಂಚೆಯೇ ತಲುಪಿಸಿ.

ನಿಮ್ಮ ವಿಮಾನ 10.20ಕ್ಕೆ ಹೊರಟಿತು, ಗಡಿಗಿಂತ ಒಂದು ಗಂಟೆ ಮೊದಲೇ. 4.30 ಎಂದಿದ್ದರೆ 3.15ಕ್ಕೇ ಪೀಣ್ಯದಲ್ಲಿದ್ದು, ಹತ್ತಿರದ ಹೋಟೆಲಿನಲ್ಲಿ ಊಟ ಮಾಡಿ, ಕೊಟೇಷನ್ ಇನ್ನೊಮ್ಮೆ ನೋಡಿಕೊಂಡು ಒಳಗೆ ಹೋಗುತ್ತಿದ್ದಿರಿ. ಅವರಿಗೆ 12ರಿಂದ 4.30ರವರೆಗೆ ತಮ್ಮ ಕೆಲಸ ನೋಡಿಕೊಳ್ಳಲು ಬಿಡುವು ಸಿಗುತ್ತಿತ್ತು. ನೀವು ತಡವಾಗಿ ಬಂದಿದ್ದಕ್ಕಿಂತ, ಎರಡು ಸಲ ಕಾದು ಕುಳಿತು ಅವರ ಮಧ್ಯಾಹ್ನ ಪೂರ್ತಿ ಹಾಳಾಗಿದ್ದು ಅವರನ್ನು ಹೆಚ್ಚು ನೋಯಿಸಿರಬೇಕು ಎಂದು ನನಗನ್ನಿಸುತ್ತದೆ.

ಆರ್ಡರ್ ಇನ್ನೂ ಕೈಬಿಟ್ಟಿಲ್ಲ ಎಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಈ ವಾರವೇ ಅವರಿಗೆ ಫೋನ್ ಮಾಡಿ. ವಿಮಾನದ ಕಥೆ ಬೇಡ, "ಆ ದಿನ ನಿಮ್ಮನ್ನು ಎರಡು ಸಲ ಕಾಯಿಸಿದೆ, ತಪ್ಪಾಯಿತು" ಎಂದಷ್ಟೇ ಹೇಳಿ, ಅವರಿಗೆ ಅನುಕೂಲವಾದ ದಿನ ಕೇಳಿ. ಈ ಸಲ ಹುಬ್ಬಳ್ಳಿಯಿಂದ ಹಿಂದಿನ ರಾತ್ರಿಯ ರೈಲಿಗೆ ಹೊರಟು ಬೆಳಿಗ್ಗೆಯೇ ಬೆಂಗಳೂರಿನಲ್ಲಿರಿ, 11 ಗಂಟೆಯ ನಂತರದ ಸಮಯ ಕೇಳಿ. ಬುಧವಾರವಾದರೆ 12ಕ್ಕೆ ಮೊದಲೇ ಮಾತು ಮುಗಿಯುವಂತೆ ನೋಡಿಕೊಳ್ಳಿ, ಅಂದಿನ ರಾಹುಕಾಲ 12ರಿಂದ 1.30.