ಮೊದಲು ಕೂಲರ್ ಬಂದ್ ಮಾಡಿ

ಪ್ರಶ್ನೆ: ಮಧ್ಯರಾತ್ರಿ ಬರುವ ಒಂದು ಫೋನ್ ಕರೆಯ ಮೇಲೆ ರೇಡಿಯೋ ನಾಟಕ ಬರೀತಿದ್ದೀನಿ. ಜಾಗ ಕಲಬುರಗಿ, ಬೇಸಿಗೆ. ನಿರೂಪಕ ಇಲ್ಲ. ಊರು, ಹೊತ್ತು, ತಾಯಿಯ ಆತಂಕ ಎಲ್ಲಾ ಸದ್ದಿನಲ್ಲೇ ಬರಬೇಕು. ಯಾವ್ಯಾವ ಸೌಂಡ್ ಎಫೆಕ್ಟ್ ಹಾಕಬೇಕು?

ಇದೇ ನಾಟಕ ಬರೆದು ನಾನು ಪೆಟ್ಟು ತಿಂದಿದ್ದೇನೆ. ಊರೂ ಇದೇ, ಬೇಸಿಗೆಯೂ ಇದೇ.

ಲ್ಯಾಂಡ್‌ಲೈನ್ ಕಾಲದ ಕಥೆ. ರೈಲ್ವೆ ಸ್ಟೇಷನ್ನಿಂದ ಒಂದು ಕಿಲೋಮೀಟರ್ ದೂರದ ಮನೆಯಲ್ಲಿ ತಾಯಿ ಒಬ್ಬಳೇ ಇದ್ದಾಳೆ. ಮಗ ಮುಂಬೈಗೆ ದುಡಿಯಲು ಹೋಗಿದ್ದಾನೆ. ರಾತ್ರಿ ಅವನ ಫೋನ್ ಬರುತ್ತದೆ. ಬಾಂಬೇದಿಂದ ಮಾತಾಡ್ತಿದ್ದೀನಿ ಅನ್ನುತ್ತಾನೆ. ಆದರೆ ಅವನು ಕೆಲಸ ಕಳೆದುಕೊಂಡು ಬಂದು ಇದೇ ಊರಿನ ಸ್ಟೇಷನ್ ಎದುರಿನ ಫೋನ್ ಬೂತಿನಲ್ಲಿ ನಿಂತಿದ್ದಾನೆ. ಮನೆಗೆ ಬರಲು ಮುಖ ಇಲ್ಲ. ಇದು ತಾಯಿಗೆ ತಿಳಿಯಬೇಕು, ಕೇಳುವವರಿಗೂ ತಿಳಿಯಬೇಕು, ಯಾರೂ ಬಾಯಿಬಿಟ್ಟು ಹೇಳಬಾರದು.

ಕಲಬುರಗಿ ಬೇಸಿಗೆ ಅಂದ ಕೂಡಲೇ ನನಗೆ ಹೊಳೆದದ್ದು ಕೂಲರ್. ನಮ್ಮ ಕಡೆ ಮೇ ತಿಂಗಳ ರಾತ್ರಿಗೆ ಬೇರೆ ಸದ್ದೇ ಇಲ್ಲ ಅಲ್ವಾ? ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ‘ಕೂಲರ್ ಸದ್ದು, ಕೊನೆಯವರೆಗೂ’ ಅಂತ ಬರೆದೆ. ರೆಕಾರ್ಡ್ ಮಾಡಿದರು, ಪ್ರಸಾರವೂ ಆಯಿತು. ಮರುದಿನ ಪಕ್ಕದ ಮನೆಯ ಕಾಕಾ ಕೇಳಿದರು: ‘ನಾಟಕ ಛಲೋ ಅದ. ಖರೆ, ಅಷ್ಟು ಮಳಿ ಯಾಕ ಹೊಡದೀರಿ?’

ಮಳೆ! ಹಳೇ ರೆಕಾರ್ಡಿಂಗ್ ತಂದು ಕಣ್ಣು ಮುಚ್ಚಿ ಕೇಳಿದೆ. ಧಾರಾಕಾರ ಮಳೆ. ಕೂಲರ್ ಫ್ಯಾನಿನ ಗಾಳಿ, ಹುಲ್ಲಿನ ಪ್ಯಾಡಿನಿಂದ ಇಳಿಯುವ ನೀರು, ಎರಡೂ ಸೇರಿ ‘ಶ್ಶ್’ ಅನ್ನುವ ಒಂದೇ ಸದ್ದು. ಮಳೆಯೂ ಅದೇ, ಬಾಣಲೆಯಲ್ಲಿ ಬಜ್ಜಿ ಕರಿಯುವುದೂ ಅದೇ, ದೂರದ ಚಪ್ಪಾಳೆಯೂ ಅದೇ. ಎಡೆಬಿಡದೆ ಸುರಿಯುವ ಸದ್ದಿಗೆ ಗುರುತು ಇರುವುದಿಲ್ಲ. ಅದರ ಮೇಲೆ ಮೀಡಿಯಂ ವೇವ್ ಪ್ರಸಾರ. ಅದು ಸದ್ದಿನ ಚೂಪಾದ ಮೇಲ್ತುದಿಯನ್ನು ಸವೆಸಿ ಕಳಿಸುತ್ತದೆ. ಅಲ್ಪಸ್ವಲ್ಪ ಇದ್ದ ವ್ಯತ್ಯಾಸವೂ ಹೋಯಿತು. ಕಣ್ಣಿಗೆ ಕಾಣುವಾಗ ಕೂಲರ್ ಕೂಲರ್‌ನಂತೆ ಕೇಳಿಸುತ್ತದೆ, ಅಷ್ಟೇ. ನಾನು ಅದನ್ನು ಎದುರಿಗಿಟ್ಟುಕೊಂಡೇ ಬರೆದಿದ್ದೆ.

ಊರೇ ತಪ್ಪಾಯಿತಲ್ಲ, ಅಷ್ಟಕ್ಕೇ ಮುಗಿಯಲಿಲ್ಲ. ಮಗ ಊರಿನಲ್ಲೇ ಇದ್ದಾನೆ ಅನ್ನೋ ಗುಟ್ಟನ್ನು ಒಂದು ರೈಲಿನ ಹಾರ್ನ್ ಮೇಲೆ ನಿಲ್ಲಿಸಿದ್ದೆ. ಹಾರ್ನ್ ಮೊದಲು ಫೋನಿನೊಳಗೆ ಕೇಳಬೇಕು, ಆಮೇಲೆ ಅದೇ ಹಾರ್ನ್ ತಾಯಿಯ ಕಿಟಕಿಯಿಂದ ಕೇಳಬೇಕು. ಕಿಟಕಿಯ ಹಾರ್ನನ್ನು ಆ ‘ಮಳೆ’ ನುಂಗಿ ಹಾಕಿತ್ತು. ಕೇಳಿದವರಿಗೆ ಸಿಕ್ಕಿದ್ದು, ಮಳೆಗಾಲದಲ್ಲಿ ಮಗ ಬಾಂಬೆಯಿಂದ ಫೋನ್ ಮಾಡಿ ಊಟದ ಮಾತಾಡಿ ಇಟ್ಟ ಕಥೆ. ಆಮೇಲೆ ಎರಡು ವರ್ಷ ಆ ರೇಡಿಯೋ ಕೇಂದ್ರದಿಂದ ನನಗೆ ಸ್ಕ್ರಿಪ್ಟ್ ಕೇಳಲಿಲ್ಲ.

ಹಾಗಾಗಿ ಯಾವ್ಯಾವ ಸದ್ದು ಹಾಕಬೇಕು ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಯಾವ ಸದ್ದು ಯಾವಾಗ ನಿಲ್ಲುತ್ತದೆ ಅಂತ ಕೇಳಿಕೊಳ್ಳಿ. ನಾಟಕ ಮತ್ತೆ ಬರೆಯುವಾಗ ನಾನು ಕೂಲರನ್ನು ತೆಗೆದು ಹಾಕಲಿಲ್ಲ, ಕರೆಂಟ್ ತೆಗೆಸಿದೆ. ಕರೆಂಟ್ ಹೋದಾಗ ಫ್ಯಾನ್ ಒಮ್ಮೆಲೇ ನಿಲ್ಲುವುದಿಲ್ಲ. ಗರಗರ ಅನ್ನುತ್ತಾ ದನಿ ಕೆಳಗಿಳಿದು ನಿಲ್ಲುತ್ತದೆ. ಪಂಪ್ ಮಾತ್ರ ತಕ್ಷಣ ನಿಲ್ಲುತ್ತದೆ. ಆಮೇಲೆ ಪ್ಯಾಡಿನಿಂದ ಟ್ಯಾಂಕಿಗೆ ಟಪ್, ಟಪ್ ಅಂತ ಹನಿ. ಇಷ್ಟು ಕೇಳಿದ ಮೇಲೆ ಅದನ್ನು ಮಳೆ ಅನ್ನುವವರು ಯಾರೂ ಸಿಗಲಿಲ್ಲ. ನಾನು ನಮ್ಮ ಮನೆಯ ಕೂಲರನ್ನೇ ಬಾಗಿಲ ಹತ್ತಿರ ಮೈಕ್ ಹಿಡಿದು, ಸ್ವಿಚ್ ಆರಿಸಿ ರೆಕಾರ್ಡ್ ಮಾಡಿದೆ.

ಇನ್ನೊಂದು ಲಾಭವೂ ಇದೆ. ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತದೆ. ಮನೆಯಲ್ಲಿ ಕರೆಂಟ್ ಇರದಿದ್ದರೂ ಹಳೇ ಫೋನ್ ಬಡಿದುಕೊಳ್ಳುತ್ತದೆ. ಇಡೀ ಮನೆ ಸತ್ತಂತೆ ಸುಮ್ಮನಾದ ಮೇಲೆ ಅದೊಂದು ಗಂಟೆ! ಹನಿ ಮಾತ್ರ ಇರಲಿ. ಪೂರ್ತಿ ಖಾಲಿ ಬಿಟ್ಟರೆ ಜನ ರೇಡಿಯೋ ಕೆಟ್ಟಿತು ಅಂತ ಅದರ ಕಿವಿ ತಿರುವುತ್ತಾರೆ.

ಫೋನಿನ ಗಂಟೆಯನ್ನೂ ಸುಮ್ನೆ ಬಡಿಸಬೇಡಿ. ನಮ್ಮಲ್ಲಿ ಅದು ಟ್ರಿಂಗ್ ಟ್ರಿಂಗ್ ಅಂತ ಜೋಡಿಯಾಗಿ ಬಡಿದು, ಎರಡು ಸೆಕೆಂಡ್ ಬಿಡುವು ಕೊಡುತ್ತದೆ. ಆ ಬಿಡುವಿನಲ್ಲೇ ತಾಯಿಯ ಆತಂಕ ಬರಬೇಕು. ಮೊದಲ ಬಿಡುವಿನಲ್ಲಿ ಹೊರಸು ಕಿರುಗುಟ್ಟುತ್ತದೆ. ಎರಡನೆಯದರಲ್ಲಿ ಬರಿಗಾಲ ಸದ್ದು. ಮೂರನೆಯದರಲ್ಲಿ ಕಾಲು ತಾಗಿ ಸ್ಟೀಲಿನ ಚರಗಿ ಉರುಳುತ್ತದೆ. ಶಹಾಬಾದಿ ಪರಸಿಯ ಮೇಲೆ ಚರಗಿ ಬಿದ್ದರೆ ಹೇಗೆ ಠಣ್ ಅಂದು ಸುತ್ತುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗೋಡೆ ಗಡಿಯಾರದಲ್ಲಿ ಹನ್ನೆರಡು ಹೊಡೆಸುವ ಆಸೆ ಇದ್ದರೆ ಬಿಡಿ, ಅದು ಸಿನಿಮಾದವರ ಚಟ. ಗೂರ್ಖನ ಸೀಟಿ ದೂರದಿಂದ ಒಮ್ಮೆ ಸಾಕು.

ನಂತರದ ಭಾಗ ಹೀಗಾಯಿತು:

ಮಗ: (ಫೋನಿನಲ್ಲಿ) ಯವ್ವಾ... ಮಲ್ಕೊಂಡಿದ್ದೇನು?
ತಾಯಿ: ಇಲ್ಲಪ್ಪ. ಎಲ್ಲಿದ್ದೀ?
ಮಗ: ಬಾಂಬೇದಾಗ. ಮತ್ತೆಲ್ಲಿರ್ತೀನಿ?
(ಫೋನಿನೊಳಗೆ ಹಾರ್ನ್, ತೆಳುವಾಗಿ. ಒಂದು ಉದ್ದ, ಒಂದು ಗಿಡ್ಡ.)
(ಮೂರು ಸೆಕೆಂಡ್. ಅದೇ ಹಾರ್ನ್ ಕಿಟಕಿಯಿಂದ, ತುಂಬು ದನಿಯಲ್ಲಿ.)
(ತಾಯಿಯ ಉಸಿರು ತಡೆಯುತ್ತದೆ. ಹನಿ.)
ತಾಯಿ: ...ಉಂಡೀ ಏನಪ್ಪಾ?

ಮೂರು ಸೆಕೆಂಡ್ ಯಾಕೆ ಅಂದರೆ, ಒಂದು ಕಿಲೋಮೀಟರ್ ದಾಟಲು ಸದ್ದಿಗೆ ಅಷ್ಟು ಹೊತ್ತು ಬೇಕು. ಫೋನಿನ ತಂತಿಯಲ್ಲಿ ಬಂದದ್ದು ಆ ಕ್ಷಣಕ್ಕೇ ಕೇಳುತ್ತದೆ. ‘ಒಂದು ಉದ್ದ, ಒಂದು ಗಿಡ್ಡ’ ಅಂತ ಬರೆದದ್ದೂ ಪೆಟ್ಟು ತಿಂದ ಮೇಲೆಯೇ. ಬರೀ ಹಾರ್ನ್ ಹಾಕಿ ಮನೆಯವರಿಗೆ ಕೇಳಿಸಿದಾಗ ಎರಡು ಬೇರೆ ಬೇರೆ ರೈಲು ಅಂದುಕೊಂಡರು. ಫೋನಿನ ಹಾರ್ನ್ ತೆಳುವಾಗಲು ಆಡಾಸಿಟಿ ಅನ್ನೋ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ `High-Pass Filter` 300 ಹರ್ಟ್ಸ್, `Low-Pass Filter` 3400 ಹರ್ಟ್ಸ್ ಇಟ್ಟುಕೊಳ್ಳಿ, ಹಳೇ ಫೋನು ದಾಟಿಸುತ್ತಿದ್ದದ್ದು ಅಷ್ಟನ್ನೇ. `Roll-off` 24 ಮಾಡಿ, 6ರಲ್ಲೇ ಬಿಟ್ಟರೆ ಸಾಕಷ್ಟು ತೆಳುವಾಗುವುದಿಲ್ಲ. ಮಗನ ದನಿಗೂ ಇದೇ. ಮೈಕ್ ಕೊನೆಯವರೆಗೂ ತಾಯಿಯ ಫೋನಿನ ಹತ್ತಿರವೇ ಇರಲಿ. ಒಮ್ಮೆ ಬೂತಿನೊಳಗೆ ಹೋಗಿ ಬಂದಿರೋ, ಎರಡನೇ ಹಾರ್ನಿಗೆ ಬೆಲೆ ಇಲ್ಲ.

ಕೊನೆಯಲ್ಲಿ ತಾಯಿ ರಿಸೀವರನ್ನು ಮೇಜಿನ ಮೇಲೆ ಇಡುತ್ತಾಳೆ. ಅದರೊಳಗಿನಿಂದ ‘ಯವ್ವಾ? ಯವ್ವಾ?’ ಅಂತ ಮಗನ ದನಿ ಸಣ್ಣಗೆ ಬರುತ್ತಲೇ ಇರುತ್ತದೆ. ಹೆಜ್ಜೆ ದೂರ ಹೋಗುತ್ತದೆ. ಬಾಗಿಲ ಚಿಲಕ ಸರಿಯುತ್ತದೆ.

ಹೊಸದಾಗಿ ಬರೆದ ಪ್ರತಿಯಲ್ಲಿ ಇಲ್ಲಿ ತಾಯಿಗೆ ಒಂದು ಮಾತಿತ್ತು: ‘ನೀ ಇಲ್ಲೇ ಅದೀಯಲ್ಲೋ, ಬಾರೋ ಮನೀಗೆ.’ ನನಗೆ ಬಹಳ ಇಷ್ಟವಾದ ಸಾಲು. ಆ ಪ್ರತಿಯನ್ನು ಕಾಲೇಜಿನ ಹುಡುಗರು ಲೈಟ್ ಆರಿಸಿದ ಹಾಲ್‌ನಲ್ಲಿ ಸ್ಪೀಕರ್ ಇಟ್ಟು ಕೇಳಿಸಿದರು. ಎರಡನೇ ಹಾರ್ನ್ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ‘ಅಯ್ಯ’ ಅಂದರು. ಮನೆಗೆ ಬಂದು ಆ ಸಾಲಿನ ಮೇಲೆ ಅಡ್ಡಗೆರೆ ಎಳೆದೆ.