ಮಕ್ಕಳ ಸ್ಟೀಲ್ ಡಬ್ಬಿ, ನೀರಿನ ಬಾಟಲಿ: 304 ಅಂತ ತಿಳಿಯೋದು ಹೇಗೆ, ಸೋರೋದು ಎಲ್ಲಿಂದ

“ಮಗ ಈ ವರ್ಷ ಒಂದನೇ ಕ್ಲಾಸು. ಮೂರು ತಿಂಗಳಲ್ಲಿ ಎರಡು ಸ್ಟೀಲ್ ಡಬ್ಬಿ ಹಾಳಾಯ್ತು. ಒಂದು ಸೋರಿ ಪುಸ್ತಕವೆಲ್ಲ ಸಾರು. ಇನ್ನೊಂದರ ಒಳಗೆ ಕಂದು ಚುಕ್ಕೆ. ಅಂಗಡೀಲಿ ಎಲ್ಲಾನೂ 304 ಅಂತಾರೆ. ನಿಜವಾಗ್ಲೂ 304 ಅಂತ ಹೇಗೆ ಗೊತ್ತಾಗುತ್ತೆ? ಸೋರದ ಡಬ್ಬಿ, ಬಾಟಲಿ ಹೇಗೆ ಆರಿಸೋದು?”

ಈ ಥ್ರೆಡ್ಡು ಶುರುವಾಗಿದ್ದು ಈ ಪ್ರಶ್ನೆಯಿಂದ. ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಒಂಬತ್ತು ವರ್ಷ ಚೆಕಿಂಗ್ ಕೆಲಸದಲ್ಲಿದ್ದೆ. ಸ್ಟೀಲ್ ಶೀಟನ್ನು ಒತ್ತಿ ಡಬ್ಬಿ, ಬೋಗುಣಿ ಮಾಡುವ ಜಾಗ ಅದು. ಈಗ ಮನೆಯಲ್ಲಿ ಇಬ್ಬರು ಮಕ್ಕಳ ಡಬ್ಬಿ ದಿನಾ ತೊಳೆಯುವವಳೂ ನಾನೇ. ಹಾಗಾಗಿ ಎರಡೂ ಕಡೆಯಿಂದ ನೋಡಿದ್ದನ್ನು ಬರೆಯುತ್ತೇನೆ.

ಮೊದಲು ಕಂದು ಚುಕ್ಕೆ. ನನ್ನ ಮಗಳ ಡಬ್ಬಿಗೂ ಹೀಗೇ ಆಗಿತ್ತು. ಶುಕ್ರವಾರ ಮೊಸರನ್ನ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ ಹಾಕಿಕೊಟ್ಟಿದ್ದೆ. ಅವಳು ಅರ್ಧ ತಿಂದು ಬ್ಯಾಗಲ್ಲೇ ಬಿಟ್ಟಿದ್ದಳು. ಸೋಮವಾರ ಬೆಳಿಗ್ಗೆ ತೆಗೆದರೆ ಉಪ್ಪಿನಕಾಯಿ ಇದ್ದ ಜಾಗದಲ್ಲಿ ಮಾತ್ರ ಸಾಸಿವೆಗಿಂತ ಚಿಕ್ಕ ಏಳೆಂಟು ಚುಕ್ಕೆ. ಅಡುಗೆ ಸೋಡಾಕ್ಕೆ ನಾಲ್ಕು ಹನಿ ನೀರು ಹಾಕಿ, ಬಟ್ಟೆಯಲ್ಲಿ ತಿಕ್ಕಿ, ಒಣಗಿಸಿ ಇಟ್ಟೆ. ಎರಡು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬಂತು. ಉಗುರಿನಿಂದ ಸವರಿದರೆ ಸಣ್ಣ ಗುಣಿ ಕೈಗೆ ಸಿಗುತ್ತಿತ್ತು. ಅಂದರೆ ಉಪ್ಪು, ಹುಳಿ ಸೇರಿ ಸ್ಟೀಲನ್ನೇ ತಿಂದಿತ್ತು.

ನೀವೂ ಇದನ್ನೇ ಮೊದಲು ಮಾಡಿ. ಯಾಕೆಂದರೆ ಎಲ್ಲಾ ಚುಕ್ಕೆಯೂ ಡಬ್ಬಿಯದೇ ತಪ್ಪಲ್ಲ. ಕಬ್ಬಿಣದ ನಾರಿನಲ್ಲಿ ತಿಕ್ಕಿದರೆ ಅದರ ಪುಡಿ ಡಬ್ಬಿಗೆ ಅಂಟಿಕೊಂಡು ತುಕ್ಕು ಹಿಡಿಯುತ್ತೆ. ಅಂಥ ಚುಕ್ಕೆ ಸೋಡಾದಲ್ಲಿ ತಿಕ್ಕಿದರೆ ಹೋಗುತ್ತೆ, ಮತ್ತೆ ಬರೋದಿಲ್ಲ, ಗುಣಿಯೂ ಇರಲ್ಲ. ಆಗ ನಾರು ಬದಲಿಸಿ, ಡಬ್ಬಿ ಉಳಿಸಿಕೊಳ್ಳಿ.

ಇನ್ನು 304. ಇದು ಸ್ಟೀಲಿನ ಒಂದು ದರ್ಜೆ. ಇದರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕೆಲ್. ಡಬ್ಬಿ ಮೇಲೆ 18/8 ಅಂತ ಬರೆದಿರೋದು ಇದನ್ನೇ. ನಿಕ್ಕೆಲ್ ದುಬಾರಿ. ಅದಕ್ಕೇ 201, 202, ಜೆ4 ಅನ್ನುವ ಸ್ಟೀಲುಗಳಲ್ಲಿ ನಿಕ್ಕೆಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕುತ್ತಾರೆ. ಹೊಸದರಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ. ಅನ್ನ, ಚಪಾತಿ, ಒಣ ಪಲ್ಯಕ್ಕೆ ಜೆ4 ಡಬ್ಬಿಯೂ ವರ್ಷಗಟ್ಟಲೆ ಬಾಳುತ್ತೆ, ಅದನ್ನು ಕಂಡು ಹೆದರಬೇಕಾಗಿಲ್ಲ. ವ್ಯತ್ಯಾಸ ಕಾಣೋದು ಉಪ್ಪಿನಕಾಯಿ, ಹುಣಸೆಹುಳಿ, ನಿಂಬೆಹಣ್ಣಿನ ಚಿತ್ರಾನ್ನದಲ್ಲಿ. ನಮ್ಮ ಮಕ್ಕಳ ಡಬ್ಬಿಯಲ್ಲಿ ವಾರಕ್ಕೆ ಮೂರು ದಿನ ಹುಳಿಯೇ ಅಲ್ವಾ? ಅದಕ್ಕೆ ಊಟದ ಡಬ್ಬಿಗೆ 304 ಕೊಳ್ಳಿ ಅಂತೀನಿ. ಆದರೆ 304 ಕೂಡ ಮೂರು ದಿನ ಉಪ್ಪಿನಕಾಯಿ ತಡೆಯುತ್ತೆ ಅಂತ ಮಾತು ಕೊಡಲಾರೆ. 316 ಅಂತ ಇನ್ನೂ ಹೆಚ್ಚು ಬೆಲೆಯದು ಬರುತ್ತೆ. ಉಪ್ಪಿಗೆ ಅದು ಇನ್ನೂ ಗಟ್ಟಿ, ನಿಜ. ನಾಲ್ಕು ಗಂಟೆ ಇರುವ ಊಟಕ್ಕೆ ಅಷ್ಟು ದುಡ್ಡು ಕೊಡೋದು ಬೇಡ.

ಮೇಲೆ ಒಬ್ಬ ಅಣ್ಣ “ಮ್ಯಾಗ್ನೆಟ್ ಅಂಟಿದರೆ ಡೂಪ್ಲಿಕೇಟ್, ಅಂಟದಿದ್ದರೆ 304” ಅಂತ ಬರೆದಿದ್ದಾರೆ. ಅರ್ಧ ಸರಿ. ಡಬ್ಬಿಯ ಚಪ್ಪಟೆ ತಳಕ್ಕೆ ಗಟ್ಟಿಯಾಗಿ ಅಂಟಿದರೆ ಅದು 304 ಅಲ್ಲ ಅಂತ ಹೇಳಬಹುದು. ಆದರೆ 201, 202, ಜೆ4 ಕೂಡ ಮ್ಯಾಗ್ನೆಟ್‌ಗೆ ಅಂಟೋದಿಲ್ಲ. ನಿಮಗೆ ಮೋಸ ಆಗೋದೇ ಈ ಸ್ಟೀಲುಗಳಲ್ಲಿ. ಇನ್ನೊಂದು ಮಾತು. ಆಳವಾಗಿ ಒತ್ತಿದ ಡಬ್ಬಿಯ ಮೂಲೆಯಲ್ಲಿ ಒಳ್ಳೆಯ 304 ಕೂಡ ಸ್ವಲ್ಪ ಎಳೆಯುತ್ತೆ. ಶೀಟನ್ನು ಎಳೆದು ಮಡಿಸಿದಾಗ ಆ ಗುಣ ಬರುತ್ತೆ. ನಮ್ಮಲ್ಲಿ ಮೂಲೆಗೆ ಮ್ಯಾಗ್ನೆಟ್ ಅಂಟಿತು ಅಂತ ಒಂದು ಲಾಟನ್ನೇ ವಾಪಸ್ ಕಳಿಸಿದ್ದರು. ತಪ್ಪು ಶೀಟಿನದಾಗಿರಲಿಲ್ಲ.

ಮನೆಯಲ್ಲೇ ನೋಡಬೇಕೆಂದರೆ ಸ್ಟೀಲ್ ಟೆಸ್ಟಿಂಗ್ ಲಿಕ್ವಿಡ್ ಸಿಗುತ್ತೆ. ಗುಜರಿಯವರು, ಶೀಟ್ ವ್ಯಾಪಾರಿಗಳು ಬಳಸುವ ಪುಟ್ಟ ಬಾಟಲಿ. ಡಬ್ಬಿ ಕವುಚಿ, ತಳದ ಹೊರಗಡೆ ಒಂದು ಹನಿ ಹಾಕಿ, ಅದರ ಜೊತೆ ಬರುವ 9 ವೋಲ್ಟ್ ಬ್ಯಾಟರಿಯನ್ನು ಚೀಟಿಯಲ್ಲಿ ತೋರಿಸಿದಂತೆ ಕೆಲವು ಸೆಕೆಂಡು ಮುಟ್ಟಿಸಬೇಕು. ಮ್ಯಾಂಗನೀಸ್ ಜಾಸ್ತಿ ಇದ್ದರೆ ಹನಿ ಕೆಂಪಾಗುತ್ತೆ. ಮಗಳ ಡಬ್ಬಿಯ ಮೇಲೆ ಹಾಕಿದಾಗ ದಾಳಿಂಬೆ ರಸದ ಹಾಗೆ ಕೆಂಪಾಯಿತು. ಮಗನ ಡಬ್ಬಿಯ ಮೇಲೆ ಬಣ್ಣ ಬರಲೇ ಇಲ್ಲ. ಹೊರಗಡೆ ಮಾತ್ರ ಮಾಡಿ, ಕಲೆ ಉಳಿಯುತ್ತೆ. ಆಮೇಲೆ ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಮಕ್ಕಳ ಕೈಗೆ ಆ ಬಾಟಲಿ ಸಿಗಬಾರದು. ಮ್ಯಾಂಗನೀಸ್ ಜಾಸ್ತಿ ಇದೆಯೋ ಇಲ್ಲವೋ ಅನ್ನೋದನ್ನಷ್ಟೇ ಇದು ಹೇಳುತ್ತೆ. ಕೆಂಪಾಗಲಿಲ್ಲ, ತಳಕ್ಕೆ ಮ್ಯಾಗ್ನೆಟ್ಟೂ ಅಂಟಲಿಲ್ಲ ಅಂದರೆ ಮನೆಮಟ್ಟಿಗೆ 304 ಅಂತ ನಂಬಬಹುದು.

ಪಾತ್ರೆ ಅಂಗಡಿ ಇಟ್ಟಿರುವ ಹಿರಿಯರು ಇಲ್ಲೇ ಒಂದು ಸಾಲು ಬರೆದಿದ್ದಾರೆ: “ಬಾಡಿ 304, ಮುಚ್ಚಳ ಯಾವುದು ಅಂತ ಕೇಳಿ. ಬಿಲ್ಲಿನಲ್ಲಿ ಬರೆಸಿ.” ಈ ಥ್ರೆಡ್ಡಿನಲ್ಲಿ ಇದಕ್ಕಿಂತ ಬೆಲೆಬಾಳುವ ಮಾತಿಲ್ಲ. ಬಹಳ ಡಬ್ಬಿಗಳಲ್ಲಿ ಬಾಡಿ ಒಳ್ಳೆಯದಿದ್ದು ಮುಚ್ಚಳ, ಕ್ಲಿಪ್ಪು, ಕ್ಲಿಪ್ಪಿನೊಳಗಿನ ತಂತಿ ಬೇರೆ ಸ್ಟೀಲಿನದಾಗಿರುತ್ತೆ. ತುಕ್ಕು ಮೊದಲು ಬರೋದು ಆ ತಂತಿಗೆ. ಒಳಗೆ ಗೋಡೆ ಬೆಸೆದ ಡಬ್ಬಿಯಾದರೆ ಬೆಸುಗೆಯ ಗೆರೆಗೆ. ಬಾಯಲ್ಲಿ 304 ಅನ್ನುವವರು ಬಿಲ್ಲಿನಲ್ಲಿ ಬರೆಯಿರಿ ಅಂದಾಗ ಏನು ಮಾಡುತ್ತಾರೆ ನೋಡಿ, ಅದೇ ಒಂದು ಪರೀಕ್ಷೆ.

ಐಎಸ್‌ಐ ಗುರುತಿನ ಬಗ್ಗೆಯೂ ಇಲ್ಲಿ ಒಬ್ಬರು ಕೇಳಿದ್ದರು. ಅದು ಇರಲಿ, ಬೇಕು. ಗುರುತಿನ ಜೊತೆ ಇರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟದ್ದು ಅಂತ ಬರುತ್ತೆ. ಆದರೆ ಐಎಸ್‌ಐ ಇದೆ ಅಂದ ಮಾತ್ರಕ್ಕೆ 304 ಅಂತ ಅಲ್ಲ. ಎರಡನ್ನೂ ಬೇರೆ ಬೇರೆ ನೋಡಬೇಕು.

ಈಗ ಸೋರೋದು. ಸ್ಟೀಲು ಎಷ್ಟೇ ಒಳ್ಳೆಯದಿರಲಿ, ಸಾರು ಹೊರಗೆ ಬರೋದು ಮುಚ್ಚಳದೊಳಗಿನ ಸಿಲಿಕೋನ್ ರಿಂಗಿನಿಂದ. ಅದನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಿ. ಬಹಳಷ್ಟು ರಿಂಗುಗಳಲ್ಲಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತುಟಿಯ ಹಾಗೆ ತೆಳು ಅಂಚು. ಆ ತೆಳು ಅಂಚು ಡಬ್ಬಿಯ ಬಾಯಿಗೆ ಒತ್ತಿ ಕೂರಬೇಕು. ತೊಳೆದು ತಿರುಗಾಮುರುಗಾ ಹಾಕಿದರೆ ಕ್ಲಿಪ್ಪೇನೋ ಬೀಳುತ್ತೆ, ಸಾರು ಮಾತ್ರ ಸೋರುತ್ತೆ. ನಮ್ಮ ಮನೆಯಲ್ಲಿ ಸೋರಿದ ಸಲವೆಲ್ಲ ತೆಗೆದು ನೋಡಿದಾಗ ಸಿಕ್ಕಿದ್ದು ಎರಡೇ ಕಾರಣ. ಒಂದೋ ರಿಂಗ್ ಉಲ್ಟಾ, ಇಲ್ಲವೇ ರಿಂಗಿನಡಿ ಒಂದು ಅನ್ನದಗುಳು.

ಕೊಳ್ಳುವಾಗ ಅಂಗಡಿಯಲ್ಲೇ ರಿಂಗ್ ಬಿಚ್ಚಿ ನೋಡಿ. ಬೆರಳಿನಲ್ಲಿ ಸುಲಭವಾಗಿ ಹೊರಗೆ ಬರಬೇಕು, ಇಲ್ಲದಿದ್ದರೆ ಅದರಡಿಯ ಸಂದಿಯಲ್ಲಿ ಕಪ್ಪು ಬೂಸ್ಟು ಕೂರುತ್ತೆ. ಎಳೆದು ಬಿಟ್ಟರೆ ಮೊದಲಿನ ಅಳತೆಗೇ ಬರಬೇಕು. ಹೆಚ್ಚುವರಿ ರಿಂಗ್ ಕೊಡ್ತೀರಾ ಅಂತ ಕೇಳಿ. ದಿನಾ ಎಣ್ಣೆ ತಾಗಿ ಕಾಲಕ್ರಮೇಣ ರಿಂಗ್ ಉಬ್ಬುತ್ತೆ. ಉಬ್ಬಿದ ರಿಂಗ್ ಮುಚ್ಚಳದ ಸಂದಿಯಲ್ಲಿ ಸರಿಯಾಗಿ ಕೂರದೆ ಒಂದು ಕಡೆ ಮೇಲೆದ್ದು ನಿಲ್ಲುತ್ತೆ. ರಿಂಗ್ ಬೇರೆ ಸಿಗದ ಡಬ್ಬಿಯಾದರೆ ಅಲ್ಲಿಗೆ ಅದರ ಆಯಸ್ಸು ಮುಗೀತು. 304 ಡಬ್ಬಿ ಹತ್ತು ವರ್ಷ ಬಾಳಬಹುದು, ರಿಂಗ್ ಅಷ್ಟು ಬಾಳಲ್ಲ.

ಮನೆಗೆ ತಂದ ದಿನ ನಾನು ಮಾಡುವ ಪರೀಕ್ಷೆ ಹೀಗೆ. ಡಬ್ಬಿಯ ಮುಕ್ಕಾಲು ಭಾಗ ನೀರು, ಚಿಟಿಕೆ ಅರಿಶಿನ, ಅರ್ಧ ಚಮಚ ಎಣ್ಣೆ. ಮುಚ್ಚಿ, ಹಳೇ ಪೇಪರಿನಲ್ಲಿ ಸುತ್ತಿ, ಮೊದಲು ಅರ್ಧ ಗಂಟೆ ಮಗ್ಗುಲಾಗಿ ಮಲಗಿಸಿ, ಆಮೇಲೆ ಅರ್ಧ ಗಂಟೆ ಕವುಚಿ ಇಡಿ. ಕೊನೆಗೆ ಮಗು ಓಡುವಾಗ ಬ್ಯಾಗ್ ಕುಣಿಯುತ್ತಲ್ಲ, ಹಾಗೆ ಅಲ್ಲಾಡಿಸಿ. ಪೇಪರಿನ ಮೇಲೆ ಹಳದಿ ಎಲ್ಲಿ ಕಂಡಿತೋ ಅಲ್ಲೇ ದೋಷ. ನಾಲ್ಕು ಕ್ಲಿಪ್ಪಿನ ಡಬ್ಬಿಯಲ್ಲಿ ಒಂದೇ ಮೂಲೆ ಸೋರಿದರೆ ಆ ಕ್ಲಿಪ್ಪು ಸಡಿಲ ಅಂತ. ಸುತ್ತಲೂ ಒದ್ದೆಯಾದರೆ ರಿಂಗ್ ಸರಿಯಿಲ್ಲ.

ಎರಡನೇ ಪರೀಕ್ಷೆ ಬಿಸಿಯದು, ಇದನ್ನು ಯಾರೂ ಮಾಡೋದಿಲ್ಲ. ಬೆಳಿಗ್ಗೆ ಕುದಿಯುವ ಸಾರು ಹಾಕಿ ತಕ್ಷಣ ಮುಚ್ಚಿದರೆ ಮೊದಲು ಆವಿ ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತೆ, ಸೋರೋದು ಆಗ. ಆರಿದ ಮೇಲೆ ಒಳಗಿನ ಗಾಳಿ ಕುಗ್ಗಿ ಮುಚ್ಚಳ ಕಚ್ಚಿಕೊಳ್ಳುತ್ತೆ. ನನ್ನ ಮಗ ಒಂದು ದಿನ ಊಟ ಮಾಡದೇ ಬಂದಿದ್ದ. “ತೆಗೆಯೋಕೆ ಆಗ್ಲಿಲ್ಲ ಅಮ್ಮ” ಅಂದ. ಆ ದಿನ ನನಗೆ ತುಂಬಾ ನೋವಾಯಿತು. ಆವತ್ತಿಂದ ಡಬ್ಬಿ ತಂದರೆ ಬಿಸಿನೀರು ಹಾಕಿ, ಮುಚ್ಚಿ, ಪೂರ್ತಿ ಆರಿದ ಮೇಲೆ ಅವನ ಕೈಯಲ್ಲೇ ತೆಗೆಸುತ್ತೇನೆ. ಮುಚ್ಚಳದ ನಡುವೆ ಗಾಳಿ ಬಿಡುವ ಸಣ್ಣ ಸಿಲಿಕೋನ್ ಬಿರಡೆ ಇರುವ ಡಬ್ಬಿ ಸಿಕ್ಕರೆ ಒಂದನೇ ಕ್ಲಾಸಿನ ಮಗುವಿಗೆ ಅದೇ ಸರಿ. ಸಾರನ್ನು ಹತ್ತು ನಿಮಿಷ ಆರಲು ಬಿಟ್ಟು ಮುಚ್ಚಿದರೆ ಎರಡು ತೊಂದರೆಯೂ ಕಡಿಮೆ.

ಬಾಟಲಿಗೆ ಇಷ್ಟು ಯೋಚನೆ ಬೇಡ. ಬರೀ ನೀರಿಗೆ ಒಂದೇ ಪದರದ, ತಿರುಗಿಸಿ ಮುಚ್ಚುವ, ಬಾಯಿ ಅಗಲ ಇರುವ 304 ಬಾಟಲಿ ಸಾಕು. ಕೈ ಅಥವಾ ಬ್ರಷ್ ತಳದವರೆಗೆ ಹೋಗಬೇಕು. ಬಿಸಿ ಉಳಿಸುವ ಎರಡು ಪದರದ ಬಾಟಲಿ ಭಾರ. ರಾಜ್ಯ ಸರ್ಕಾರದ 2019ರ ಆದೇಶದ ಪ್ರಕಾರ ಒಂದು, ಎರಡನೇ ಕ್ಲಾಸಿನ ಮಗುವಿನ ಬ್ಯಾಗು 2 ಕೆಜಿ ದಾಟಬಾರದು. ಅರ್ಧ ಲೀಟರ್ ನೀರೇ ಅರ್ಧ ಕೆಜಿ ಆಯ್ತು, ಮೇಲೆ ಭಾರದ ಬಾಟಲಿ ಯಾಕೆ? ಸ್ಟ್ರಾ ಇರುವ ಸಿಪ್ಪರ್ ಮಕ್ಕಳಿಗೆ ಇಷ್ಟ, ಆದರೆ ಸ್ಟ್ರಾ, ಕೊಳವೆ, ಗಾಳಿರಂಧ್ರ ಮೂರನ್ನೂ ಬಿಚ್ಚಿ ತೊಳೆಯಬೇಕು. ಅದರಲ್ಲಿ ಬಿಸಿನೀರು ಮಾತ್ರ ಹಾಕಬೇಡಿ. ತೆರೆದ ಕೂಡಲೇ ಮುಖಕ್ಕೆ ಚಿಮ್ಮುತ್ತೆ.

ತಾಮ್ರದ ಬಾಟಲಿ ಒಳ್ಳೆಯದಾ ಅಂತ ಕೇಳಿದ ಅಕ್ಕ, ಇಲ್ಲಿ ಕೇಳಿದ್ದು ಸ್ಟೀಲಿನ ಬಗ್ಗೆ. ಆದರೂ ಒಂದು ಮಾತು. ಮಕ್ಕಳು ಅದಕ್ಕೆ ನಿಂಬೆ ಶರಬತ್ತು, ಮಜ್ಜಿಗೆ ಹಾಕಿಸಿಕೊಳ್ಳುತ್ತಾರೆ. ಹುಳಿಗೆ ತಾಮ್ರ ಬಿಡುತ್ತೆ, ಹೊಟ್ಟೆ ಕೆಡುತ್ತೆ. ಮನೆಯಲ್ಲಿ ನೀರಿಗೆ ಇಟ್ಟುಕೊಳ್ಳಿ, ಶಾಲೆಗೆ ಬೇಡ.

ಬಿಸಿ ಉಳಿಸುವ ಊಟದ ಡಬ್ಬಿ ಬೇಕಾ ಅನ್ನೋದರಲ್ಲಿ ನಮ್ಮ ಮನೆಯಲ್ಲೇ ಜಗಳ ಮುಗಿದಿಲ್ಲ. ಬಿಸಿ ಊಟ ಆದರೆ ಮಗು ಚೆನ್ನಾಗಿ ತಿನ್ನುತ್ತೆ ಅಂತ ಅತ್ತೆ. ಅದೂ ನಿಜ. ನನ್ನ ಭಯ ಏನೆಂದರೆ, ಡಬ್ಬಿ ಚಿಕ್ಕದಾದಷ್ಟೂ ಬೇಗ ಆರುತ್ತೆ. ಬಿಸಿಯೂ ಅಲ್ಲದೆ, ತಣ್ಣಗೂ ಇಲ್ಲದೆ, ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದ ಅನ್ನ ಬೇಗ ಹಳಸುತ್ತೆ. ಬಳಸೋದೇ ಆದರೆ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು, ಚೆಲ್ಲಿ, ಆಮೇಲೆ ಹೊಗೆಯಾಡುವ ಊಟ ತುಂಬಿಸಿ. ಮೊಸರನ್ನ ಅದಕ್ಕೆ ಹಾಕಲೇಬೇಡಿ.

ಸೋರಿದ ಆ ಮೊದಲನೇ ಡಬ್ಬಿಯನ್ನು ಇನ್ನೂ ಎಸೆದಿಲ್ಲ ಅಲ್ವಾ? ರಿಂಗ್ ಬಿಚ್ಚಿ, ಎರಡೂ ಕಡೆಯ ಫೋಟೋ ತೆಗೆದು ಇಲ್ಲಿ ಹಾಕಿ. ಉಲ್ಟಾ ಕೂತಿತ್ತೋ, ಉಬ್ಬಿದೆಯೋ ನೋಡಿ ಹೇಳುತ್ತೇನೆ. ಹೊಸ ಡಬ್ಬಿ ಕೊಳ್ಳೋದು ಅದಾದ ಮೇಲೆ ನೋಡೋಣ.