ಮೊದಲ ಗುಂಡಿಗೂ ಮುನ್ನವೇ ಮುರಿದ ಪ್ಲಾನ್

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಡಿಗ್ರಿ ಓದುತ್ತಿದ್ದೇನೆ, ಸೇನೆಗೆ ಸೇರಬೇಕೆಂಬ ಆಸೆ. ಶತ್ರು ಎದುರಾದ ಮೇಲೆ ಯಾವ ಪ್ಲಾನೂ ಉಳಿಯಲ್ಲ ಅಂತ ಎನ್‌ಸಿಸಿಯಲ್ಲಿ ಹೇಳ್ತಾರೆ. ಯುದ್ಧದ ಮಬ್ಬು, ಘರ್ಷಣೆ ಅಂತಲೂ ಹೇಳ್ತಾರೆ. ಎರಡೂ ಒಂದೇನಾ? ಎಲ್ಲಾ ಕೆಡುತ್ತೆ ಅಂದ್ರೆ ಪ್ಲಾನ್ ಮಾಡೋದಾದ್ರೂ ಯಾಕೆ? ನಮ್ಮ ಕಡೆಯ ಉದಾಹರಣೆ ಇದ್ರೆ ಹೇಳಿ.
– ಬಿ.ಎ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಎರಡೂ ಒಂದೇ ಅಲ್ಲಮ್ಮ. ಶತ್ರು ಎಲ್ಲಿದ್ದಾನೆ, ಎಷ್ಟಿದ್ದಾನೆ, ನಮ್ಮವರೇ ಈಗ ಎಲ್ಲಿದ್ದಾರೆ ಅನ್ನೋದು ಗೊತ್ತಾಗದೆ ಇರುವುದು ಮಬ್ಬು. ಎಲ್ಲಾ ಗೊತ್ತಿದ್ದರೂ ಹೇಳಿದ ಕೆಲಸ ಹೇಳಿದ ಹಾಗೆ ಆಗದಿರುವುದು ಘರ್ಷಣೆ. ಎತ್ತು ಸಾಯುತ್ತದೆ, ದಾರಿ ತಪ್ಪುತ್ತದೆ, ಆಜ್ಞೆ ಅರ್ಧ ಕೇಳಿಸುತ್ತದೆ. ಈ ವಿಚಾರಗಳಿಗೆ ಒಂದು ರೂಪ ಕೊಟ್ಟವನು ಪ್ರಷ್ಯಾದ ಸೇನಾಧಿಕಾರಿ ಕ್ಲಾಸ್‌ವಿಟ್ಸ್. ಸುಮ್ನೆ ಕೂತು ಬರೆದವನಲ್ಲ. 1806ರಲ್ಲಿ ನೆಪೋಲಿಯನ್ ಎದುರು ಸೋತ ಸೈನ್ಯದಲ್ಲಿದ್ದು ಸೆರೆ ಸಿಕ್ಕಿದವನು. ನಿಮ್ಮ ಎನ್‌ಸಿಸಿಯಲ್ಲಿ ಹೇಳುವ ಮಾತಿನ ಮೂಲ ಅವನ ನಂತರದ ಪ್ರಷ್ಯಾದ ದಂಡನಾಯಕ ಮೋಲ್ಟ್‌ಕೆ. ಶತ್ರುವಿನ ಮುಖ್ಯ ಸೈನ್ಯದ ಜೊತೆ ಮೊದಲ ಭೇಟಿಯ ಆಚೆಗೆ ಯಾವ ಯೋಜನೆಯೂ ಖಚಿತವಾಗಿ ಹೋಗಲಾರದು ಅಂತ ಅವನು ಬರೆದ. ಆದರೆ ಪ್ಲಾನ್ ಕೆಡಲು ಶತ್ರುವಿನ ಭೇಟಿಯೇ ಬೇಕಿಲ್ಲ.

ನಮ್ಮ ಕಡೆಯದೇ ಒಂದು ಯುದ್ಧ ನೋಡೋಣ. ಅಸ್ಸಾಯೆ ಅನ್ನೋ ಹಳ್ಳಿ ಇವತ್ತಿನ ಮಹಾರಾಷ್ಟ್ರದ ಜಾಲನಾ ಜಿಲ್ಲೆಯಲ್ಲಿದೆ. 1956ರವರೆಗೆ ಅದೂ ನಾವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದೆವು. 1803ರ ಸೆಪ್ಟೆಂಬರ್ 23ರಂದು ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೂ, ಗ್ವಾಲಿಯರ್‌ನ ದೌಲತ್‌ರಾವ್ ಸಿಂಧಿಯಾ ಮತ್ತು ನಾಗಪುರದ ರಘೂಜಿ ಭೋಂಸ್ಲೆಯ ಸೈನ್ಯಕ್ಕೂ ಕಾದಾಟ ನಡೆಯಿತು. ಕಂಪನಿಯ ಕಡೆ ದಂಡನಾಯಕ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ.

ಪ್ಲಾನ್ ಸರಳವಾಗಿತ್ತು, ಕೇಳಲು ಚೆನ್ನಾಗಿಯೂ ಇತ್ತು. ವೆಲ್ಲೆಸ್ಲಿಯದು ಒಂದು ಪಡೆ. ನಿಜಾಮನ ನೆರವಿಗೆಂದು ಕಂಪನಿ ಹೈದರಾಬಾದಿನಲ್ಲಿ ಇಟ್ಟಿದ್ದ ಪಡೆಯ ಜೊತೆ ಬಂದ ಕರ್ನಲ್ ಸ್ಟೀವನ್ಸನ್‌ದು ಇನ್ನೊಂದು. ಸೆಪ್ಟೆಂಬರ್ 21ರಂದು ಬದ್ನಾಪುರದಲ್ಲಿ ಇಬ್ಬರೂ ಭೇಟಿಯಾದರು. ನಡುವೆ ಗುಡ್ಡಸಾಲು. ಒಬ್ಬರು ಈ ಕಡೆಯಿಂದ, ಒಬ್ಬರು ಆ ಕಡೆಯಿಂದ ಹೋಗಿ 24ರಂದು ಭೋಕರ್ದನ್ ಹತ್ತಿರ ಒಟ್ಟಿಗೆ ಶತ್ರುವಿನ ಮೇಲೆ ಬೀಳಬೇಕು ಅಂತ ತೀರ್ಮಾನ. ಒಂದೇ ದಾರಿಯಲ್ಲಿ ಎರಡೂ ಪಡೆ ಹೋದರೆ ಹೊತ್ತು ಜಾಸ್ತಿ ಹಿಡಿಯುತ್ತಿತ್ತು, ಶತ್ರು ಇನ್ನೊಂದು ದಾರಿಯಿಂದ ಜಾರಿಕೊಳ್ಳುತ್ತಿದ್ದ. ಹಾಗಾಗಿ ಎರಡಾಗಿ ಹೋಗುವುದು ತಪ್ಪಲ್ಲ.

23ರಂದು ವೆಲ್ಲೆಸ್ಲಿ ನಸುಕಿನಲ್ಲೇ ಹೊರಟು ಮಧ್ಯಾಹ್ನದ ಹೊತ್ತಿಗೆ ಬಿಡಾರ ಹೂಡುವ ಜಾಗಕ್ಕೆ ಬಂದ. ಅವನ ಲೆಕ್ಕದಲ್ಲಿ ಶತ್ರು ಇನ್ನೂ ಹನ್ನೆರಡು ಮೈಲಿ ಆಚೆ ಭೋಕರ್ದನ್‌ನಲ್ಲಿರಬೇಕು. ಅಲ್ಲಿ ಸಿಕ್ಕ ಸುದ್ದಿಯೇ ಬೇರೆ. ಶತ್ರು ಐದಾರು ಮೈಲಿಯಲ್ಲೇ ಇದ್ದಾನೆ!

ಎಲ್ಲಿ ತಪ್ಪಾಯಿತು? ಸುದ್ದಿ ತರುವ ಹರಕಾರರು ಸುಳ್ಳು ಹೇಳಿರಲಿಲ್ಲ. ‘ಭೋಕರ್ದನ್‌ನಲ್ಲಿದ್ದಾರೆ’ ಅಂತ ಹೇಳಿದ್ದರು. ಅವರು ಹೇಳಿದ್ದು ಆ ಸೀಮೆಯನ್ನು, ವೆಲ್ಲೆಸ್ಲಿ ತಿಳಿದದ್ದು ಆ ಊರನ್ನು. ನಮ್ಮಲ್ಲೂ ಯಾರಾದರೂ ‘ಚಿತ್ತಾಪುರದಲ್ಲಿದ್ದೀನಿ’ ಅಂದರೆ ಊರೋ ತಾಲೂಕೋ ಅಂತ ಮತ್ತೊಮ್ಮೆ ಕೇಳಬೇಕಾಗುತ್ತದೆ, ಅಲ್ವಾ? ಮರಾಠರ ಬಿಡಾರ ಭೋಕರ್ದನ್‌ನಿಂದ ಅಸ್ಸಾಯೆವರೆಗೆ ಮೈಲಿಗಟ್ಟಲೆ ಚಾಚಿಕೊಂಡಿತ್ತು. ಇದು ಮಬ್ಬು. ಮಬ್ಬು ಅಂದರೆ ಸುದ್ದಿಯೇ ಬಾರದಿರುವುದು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಬಹಳ ಸಲ ಸುದ್ದಿ ಬಂದಿರುತ್ತದೆ, ಅದು ಅರ್ಧ ನಿಜವಾಗಿರುತ್ತದೆ, ಅದೇ ಹೆಚ್ಚು ಅಪಾಯ. ಅವತ್ತು ಬಂದ ಇನ್ನೊಂದು ಸುದ್ದಿಯೂ ಅಂಥದ್ದೇ. ಶತ್ರುವಿನ ಕುದುರೆಪಡೆ ಹೊರಟುಹೋಗಿದೆ, ಕಾಲಾಳುಗಳೂ ಹೊರಡುವುದರಲ್ಲಿದ್ದಾರೆ ಅಂತ. ಹೋಗಿ ನೋಡಿದರೆ ಇಡೀ ಸೈನ್ಯ ಅಲ್ಲೇ ಇತ್ತು, ನೂರರ ಆಸುಪಾಸು ಫಿರಂಗಿಗಳ ಜೊತೆ.

ಗಮನಿಸಿ, ಇನ್ನೂ ಒಂದು ಗುಂಡೂ ಹಾರಿಲ್ಲ. ಆದರೆ 24ಕ್ಕೆ ಇಬ್ಬರೂ ಸೇರಿ ಹೊಡೆಯುವ ಪ್ಲಾನ್ ಸತ್ತುಹೋಗಿದೆ. ಸ್ಟೀವನ್ಸನ್ ಸುಮಾರು ಹತ್ತು ಮೈಲಿ ಪಶ್ಚಿಮಕ್ಕಿದ್ದಾನೆ. ಕಾಯಬೇಕೆಂದರೆ ಶತ್ರು ಇಷ್ಟು ಹತ್ತಿರವಿರುವಾಗ ಬಿಡಾರ ಉಳಿಯುವುದು ಕಷ್ಟ. ಹಿಂದೆ ಸರಿದರೆ ಸಾವಿರಾರು ಕುದುರೆಗಳು ಬೆನ್ನಟ್ಟುತ್ತವೆ. ವೆಲ್ಲೆಸ್ಲಿ ಒಬ್ಬನೇ ಹೊಡೆಯಲು ನಿರ್ಧರಿಸಿದ. ನನಗೆ ಇದು ಧೈರ್ಯಕ್ಕಿಂತ ಹೆಚ್ಚಾಗಿ ಲೆಕ್ಕ ಅನ್ನಿಸುತ್ತದೆ. ಇದ್ದ ಮೂರು ದಾರಿಯಲ್ಲಿ ಅದೇ ಕಡಿಮೆ ಕೆಟ್ಟದ್ದು.

ಮರಾಠ ಸೈನ್ಯ ಎರಡು ನದಿಗಳ ನಡುವಿನ ನಾಲಗೆಯಂಥ ನೆಲದಲ್ಲಿ ನಿಂತಿತ್ತು. ದಕ್ಷಿಣಕ್ಕೆ ಕೈಲನಾ, ಉತ್ತರಕ್ಕೆ ಜುವಾ. ಮುಖ ದಕ್ಷಿಣಕ್ಕೆ. ನೇರ ಎದುರಿನಿಂದ ನದಿ ದಾಟುವುದು ಆತ್ಮಹತ್ಯೆ. ಪೂರ್ವದಲ್ಲಿ ದಾಟಿ ಪಕ್ಕದಿಂದ ಬೀಳಬೇಕು. ದಾರಿ ತೋರಿಸುವವರನ್ನು ಕೇಳಿದರೆ ಅಲ್ಲಿ ನದಿ ದಾಟುವ ಜಾಗವೇ ಇಲ್ಲ ಅಂದರು. ವೆಲ್ಲೆಸ್ಲಿ ದೂರದರ್ಶಕದಲ್ಲಿ ನೋಡಿದ. ಎರಡು ದಡದಲ್ಲಿ ಎದುರುಬದುರಾಗಿ ಎರಡು ಹಳ್ಳಿ, ಪಿಂಪಳಗಾಂವ್ ಮತ್ತು ವರೂಡ್. ಇಷ್ಟು ಹತ್ತಿರದ ಎರಡು ಊರಿನ ನಡುವೆ ಜನ ಓಡಾಡದೆ ಇರುತ್ತಾರಾ ಅಂತ ಊಹಿಸಿದ. ಹುಡುಕಿಸಿದಾಗ ದಾಟು ಸಿಕ್ಕಿತು. ಮಬ್ಬಿನಲ್ಲಿ ಒಳ್ಳೆ ದಂಡನಾಯಕ ಮಾಡುವ ಕೆಲಸ ಇದೇ. ಹೇಳಿದ್ದನ್ನು ಕಣ್ಣಿಗೆ ಕಂಡದ್ದರ ಜೊತೆ ತಾಳೆ ನೋಡುತ್ತಾನೆ.

ನದಿ ದಾಟಿದ ಮೇಲೆ ಹೊಸ ಪ್ಲಾನೂ ಮುರಿಯಿತು. ಸಿಂಧಿಯಾನ ಕಾಲಾಳುಗಳನ್ನು ನಡೆಸುತ್ತಿದ್ದವನು ಪೋಲ್ಮನ್ ಅನ್ನೋ ಜರ್ಮನ್. ಇಡೀ ಸಾಲನ್ನು ತಿರುಗಿಸಿ ಪೂರ್ವಕ್ಕೆ ಮುಖಮಾಡಿಸಿಬಿಟ್ಟ. ಅಷ್ಟು ದೊಡ್ಡ ಸೈನ್ಯ ಅಷ್ಟು ಚುರುಕಾಗಿ ತಿರುಗುತ್ತದೆ ಅಂತ ವೆಲ್ಲೆಸ್ಲಿ ಎಣಿಸಿರಲಿಲ್ಲ. ಇದು ಮಬ್ಬೂ ಅಲ್ಲ, ಘರ್ಷಣೆಯೂ ಅಲ್ಲ. ಎದುರಿನವನಿಗೂ ಬುದ್ಧಿ ಇದೆ, ಅಷ್ಟೇ. ಪರೀಕ್ಷೆಯಲ್ಲಿ ಬರೆಯುವಾಗ ಈ ಮೂರನ್ನು ಕಲಸಬೇಡಿ.

ಈಗ ಘರ್ಷಣೆಗೆ ಬರೋಣ. ಎದುರಿನ ಸಾಲು ಉದ್ದವಾಯಿತು, ಹಾಗಾಗಿ ವೆಲ್ಲೆಸ್ಲಿ ತನ್ನ ಸಾಲನ್ನೂ ಬಲಕ್ಕೆ ಚಾಚಬೇಕಾಯಿತು. ಬಲತುದಿಯಲ್ಲಿ ಕರ್ನಲ್ ಓರಕ್‌ನ ಕಾವಲು ತುಕಡಿಗಳು, ಅವುಗಳ ಹಿಂದೆ 74ನೇ ಸ್ಕಾಟ್ ರೆಜಿಮೆಂಟ್. ಬಲಕ್ಕೆ ಸರಿದು ಜಾಗ ಬಿಡಬೇಕು, ಆದರೆ ಅಸ್ಸಾಯೆ ಹಳ್ಳಿಯ ಹೊಡೆತಕ್ಕೆ ಸಿಗಬಾರದು. ಹಳ್ಳಿಯ ತುಂಬ ಫಿರಂಗಿ, ಸಿಪಾಯಿಗಳು. ಆಜ್ಞೆ ಸ್ಪಷ್ಟವಾಗಿತ್ತು. ಆದರೆ ಅದರಲ್ಲಿ ಎರಡು ಮಾತಿವೆ ನೋಡಿ, ಬಲಕ್ಕೆ ಹೋಗು ಮತ್ತು ಬಲಕ್ಕೆ ಜಾಸ್ತಿ ಹೋಗಬೇಡ. ಹೊಗೆ, ಸದ್ದು, ಎದುರಿನಿಂದ ಗುಂಡು. ಎಲ್ಲಿ ನಿಲ್ಲಬೇಕು ಅಂತ ತೋರಿಸುವ ಗುರುತು ನೆಲದ ಮೇಲಿಲ್ಲ. ಓರಕ್ ಬಲಕ್ಕೆ ಹೋಗುತ್ತಲೇ ಇದ್ದ, ನೇರ ಅಸ್ಸಾಯೆ ಕಡೆಗೆ. ಹಿಂದಿದ್ದ 74ನೇ ರೆಜಿಮೆಂಟ್ ಮುಂದಿನವರನ್ನು ಹಿಂಬಾಲಿಸಿತು. ಹಿಂಬಾಲಿಸುವುದೇ ಅದಕ್ಕಿದ್ದ ಕೆಲಸ.

ನಡುವೆ ದೊಡ್ಡ ಸಂದು ಬಿತ್ತು. ಕಾವಲು ತುಕಡಿಗಳು ನುಚ್ಚುನೂರಾದವು. 74ನೇ ರೆಜಿಮೆಂಟಿನ ಉಳಿದವರು ಹೆಣಗಳನ್ನೇ ಗೋಡೆ ಮಾಡಿಕೊಂಡು ನಿಂತರು. ಅವರ ಅಧಿಕಾರಿಗಳಲ್ಲಿ ಬಹುಪಾಲು ಜನ ಸತ್ತರು ಇಲ್ಲವೇ ಗಾಯಗೊಂಡರು. ಅವರನ್ನು ಉಳಿಸಲು ಮ್ಯಾಕ್ಸ್‌ವೆಲ್‌ನ ಕುದುರೆಪಡೆ ಹೊತ್ತಿಗೆ ಮುಂಚೆಯೇ ನುಗ್ಗಬೇಕಾಯಿತು. ಕೊನೆಯ ಹೊಡೆತಕ್ಕೆ, ಓಡುವವರನ್ನು ಬೆನ್ನಟ್ಟಲು ಅಂತ ಇಟ್ಟುಕೊಂಡಿದ್ದ ಪಡೆ ಅದು. ನುಗ್ಗಿತು, ಗೆದ್ದಿತು, ಆಮೇಲೆ ಚದುರಿಹೋಯಿತು. ಒಂದು ಕಡೆಯ ತಪ್ಪು ಇನ್ನೊಂದು ಕಡೆಯ ಪ್ಲಾನನ್ನು ತಿಂದುಹಾಕುವುದು ಹೀಗೆ.

ಇನ್ನೊಂದು ಸಣ್ಣ ವಿಷಯ. ಫಿರಂಗಿ ಎಳೆಯಲು ವೆಲ್ಲೆಸ್ಲಿ ನೆಚ್ಚಿಕೊಂಡದ್ದು ಎತ್ತುಗಳನ್ನು. ಮೈಸೂರಿನ ಎತ್ತುಗಳೆಂದರೆ ಅವನಿಗೆ ಬಹಳ ಮೆಚ್ಚು. ಶತ್ರುವಿನ ಫಿರಂಗಿ ಹೊಡೆತಕ್ಕೆ ಎತ್ತುಗಳು ಸತ್ತವು, ಫಿರಂಗಿ ಹಾರಿಸುವವರೂ ಸತ್ತರು. ಫಿರಂಗಿಗಳು ಅಲ್ಲೇ ಉಳಿದವು. ಕಾಲಾಳುಗಳು ಫಿರಂಗಿಯ ನೆರವಿಲ್ಲದೆ ಬಯೊನೆಟ್ ಹಿಡಿದು ನಡೆದರು. ಮರಾಠ ಫಿರಂಗಿಗಳನ್ನು ಹಿಡಿದು ಮುಂದೆ ಹೋದರೆ, ಸತ್ತಂತೆ ಬಿದ್ದಿದ್ದ ಗೋಲಂದಾಜರು ಎದ್ದು ಅದೇ ಫಿರಂಗಿಗಳನ್ನು ಹಿಂದಿನಿಂದ ಹಾರಿಸಿದರು! ವೆಲ್ಲೆಸ್ಲಿ ಮತ್ತೆ ಹಿಂದಕ್ಕೆ ಹೋಗಿ ಅವನ್ನು ಎರಡನೇ ಸಲ ಗೆಲ್ಲಬೇಕಾಯಿತು. ಚದುರಿದ್ದ ಕುದುರೆಪಡೆಯನ್ನು ಕೂಡಿಸಿ ಮತ್ತೆ ನುಗ್ಗುವಾಗ ಮ್ಯಾಕ್ಸ್‌ವೆಲ್ ಸತ್ತ.

ಸ್ಟೀವನ್ಸನ್ ಏನಾದ? ಫಿರಂಗಿ ಸದ್ದು ಕೇಳಿದ ಕೂಡಲೇ ಬಿಡಾರ ಕಿತ್ತು ಹೊರಟ. ದಾರಿ ತೋರಿಸುವವನು ಮೊದಲು ಭೋಕರ್ದನ್ ಕಡೆ ಕರೆದುಕೊಂಡು ಹೋದ. ಅಸ್ಸಾಯೆ ಮುಟ್ಟುವಾಗ 24ರ ಸಂಜೆ. ಬೇಕೆಂದೇ ದಾರಿ ತಪ್ಪಿಸಿದ ಅಂತ ಅನುಮಾನಪಟ್ಟು ಆಮೇಲೆ ಅವನನ್ನು ಗಲ್ಲಿಗೇರಿಸಿದರು. ಪಾಪ, ಅವನು ಮೋಸಗಾರನೋ ಸುಮ್ನೆ ದಾರಿ ತಪ್ಪಿದವನೋ, ಯಾರಿಗೆ ಗೊತ್ತು. ಘರ್ಷಣೆಯನ್ನು ಮೋಸ ಅಂತ ಓದುವುದು ಸೈನ್ಯಗಳ ಹಳೆ ಚಾಳಿ.

ಕಂಪನಿ ಗೆದ್ದಿತು, 98 ಫಿರಂಗಿ ಹಿಡಿಯಿತು. ಆದರೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 1,600. ಕಾದಾಡಿದ ಮೂವರಲ್ಲಿ ಹತ್ತಿರ ಹತ್ತಿರ ಒಬ್ಬ. ಬೆನ್ನಟ್ಟಲು ಯಾರಲ್ಲೂ ಕಸುವು ಇರಲಿಲ್ಲ. ಸೋತ ಕಡೆಯಲ್ಲೂ ಘರ್ಷಣೆ ಕಡಿಮೆ ಇರಲಿಲ್ಲ. ಇಬ್ಬರೂ ದೊರೆಗಳು ಮೊದಲೇ ಕಣ ಬಿಟ್ಟಿದ್ದರು, ದೊಡ್ಡ ಕುದುರೆಪಡೆ ಹೆಚ್ಚಿನ ಹೊತ್ತು ನಿಂತು ನೋಡುತ್ತಿತ್ತು. ಗೆದ್ದವರ ಪ್ಲಾನ್ ಚೆನ್ನಾಗಿತ್ತು ಅಂತಲ್ಲ, ಮುರಿದದ್ದನ್ನು ಕಟ್ಟಿಕೊಳ್ಳುವವನು ಒಂದು ಕಡೆ ಇದ್ದ, ಇನ್ನೊಂದು ಕಡೆ ಇರಲಿಲ್ಲ.

ಇಷ್ಟೆಲ್ಲಾ ಒಂದೇ ದಿನ ಕೆಡುವುದು ದುರದೃಷ್ಟವಾ? ಒಂದು ಲೆಕ್ಕ ಮಾಡಿ. ನಿಮ್ಮ ಪ್ಲಾನಿನಲ್ಲಿ ಹತ್ತು ಕೆಲಸ ಇವೆ, ಒಂದೊಂದೂ ನೂರಕ್ಕೆ 95 ಸಲ ಸರಿಯಾಗಿ ಆಗುತ್ತದೆ ಅನ್ನಿ. ಹತ್ತೂ ಒಟ್ಟಿಗೆ ಸರಿಯಾಗುವುದು ನೂರಕ್ಕೆ ಸುಮಾರು 60 ಸಲ ಮಾತ್ರ. ಇಪ್ಪತ್ತು ಕೆಲಸ ಇದ್ದರೆ 36. ಹಾಗಾಗಿ ಪ್ಲಾನ್ ಓದುವಾಗ ನಾನು ಮೊದಲು ನೋಡುವುದು, ಒಂದರ ಮೇಲೆ ಒಂದು ನಿಂತ ಕೆಲಸಗಳು ಎಷ್ಟು ಅಂತ. ‘ಇವರು ಬಂದ ಮೇಲೆ ಅವರು’ ಅಂತ ಎಷ್ಟು ಸಲ ಬರೆದಿದೆ, ಎರಡು ದಿಕ್ಕಿಗೆ ಎಳೆಯುವ ಆಜ್ಞೆ ಯಾರ ಕೈಯಲ್ಲಿದೆ ಅಂತ.

ಹಾಗಾದರೆ ಪ್ಲಾನ್ ಯಾಕೆ ಅಂತ ಕೇಳಿದಿರಿ. ಬದ್ನಾಪುರದಲ್ಲಿ ಪ್ಲಾನ್ ಆಗಿದ್ದಕ್ಕೇ ಸ್ಟೀವನ್ಸನ್ ಹತ್ತು ಮೈಲಿಯಲ್ಲಿದ್ದ, ನೂರು ಮೈಲಿಯಲ್ಲಿರಲಿಲ್ಲ. ಮೈಸೂರಿನ ಕುದುರೆಗಳು ನದಿಯ ದಕ್ಷಿಣದಲ್ಲಿ ಬೆನ್ನು ಕಾಯುತ್ತಿದ್ದವು. ಪ್ಲಾನಿನ ದಿನ, ಗಂಟೆ ಎಲ್ಲಾ ಹೋಯಿತು. ಯಾರು ಎಲ್ಲಿರಬೇಕು ಅನ್ನೋದು ಉಳಿಯಿತು, ಮುಂದಿನ ನಿರ್ಧಾರ ನಿಂತದ್ದು ಅದರ ಮೇಲೆ. ಮುಂದೆ ನವೆಂಬರ್ 29ರಂದು ಅರ್ಗಾಂವ್‌ನಲ್ಲಿ ಮತ್ತೆ ಯುದ್ಧವಾಯಿತು. ಈ ಸಲ ಸ್ಟೀವನ್ಸನ್ ಪಕ್ಕದಲ್ಲೇ ಇದ್ದ. ಆದರೂ ಫಿರಂಗಿ ಹೊಡೆತ ಶುರುವಾದ ಕೂಡಲೇ ಮೂರು ಪಲ್ಟನ್‌ಗಳು ಬೆದರಿ ಹಿಂದಕ್ಕೆ ಓಡಿದವು. ವೆಲ್ಲೆಸ್ಲಿ ಹತ್ತಿರದಲ್ಲೇ ಇದ್ದ. ಅವರನ್ನು ಒಂದುಗೂಡಿಸಿ, ಕರೆದುಕೊಂಡು ಬಂದು ಮತ್ತೆ ಸಾಲಿನಲ್ಲಿ ನಿಲ್ಲಿಸಿದ. ತಾನು ಅಲ್ಲಿ ಇಲ್ಲದಿದ್ದರೆ ಅವತ್ತು ಸೋಲುತ್ತಿದ್ದೆವು ಅಂತ ಆಮೇಲೆ ಅವನೇ ಪತ್ರದಲ್ಲಿ ಒಪ್ಪಿಕೊಂಡ.